ವೈರು, ಫ್ಲೆಕ್ಸು, ಲೋಡಿಂಗ್ ಆಟೊ: ಒಂದು 30×40 ಮನೆಯ ಫೋಟೊ ಶುಚಿ ಮಾಡಿದ ಪ್ರಕರಣ

ಮೈಸೂರಿನ ಒಂದು ಅಡ್ಡರಸ್ತೆ. 30×40 ಸೈಟಿನಲ್ಲಿ ಹಳೆಯ ಕಟ್ಟಡ. ಕೆಳಗೆ ಎರಡು ಅಂಗಡಿ, ಒಂದು ದಿನಸಿ, ಇನ್ನೊಂದು ಜೆರಾಕ್ಸ್. ಮೇಲೆ ಮನೆ. ಯಜಮಾನರು ನಿವೃತ್ತ ಮೇಷ್ಟ್ರು. ಬಣ್ಣ ಹೊಡೆಸುವ ಜೊತೆಗೆ ಎಲಿವೇಷನ್ ಕೂಡ ಬದಲಾಯಿಸಬೇಕು ಅಂತ ಅವರ ಆಸೆ. ಒಡೆದು ಕಟ್ಟುವುದಲ್ಲ. ಬಾಲ್ಕನಿ, ಸಜ್ಜ, ಪ್ಯಾರಾಪೆಟ್ ಇವಷ್ಟಕ್ಕೆ ಹೊಸ ರೂಪ ಸಾಕು. ನಾನು ಕಂಟ್ರಾಕ್ಟರುಗಳಿಗೆ ಎಲಿವೇಷನ್ ಚಿತ್ರ ಮಾಡಿಕೊಡುವವನು. ಹೀಗೆ ಈ ಕೆಲಸ ನನ್ನ ಹತ್ತಿರ ಬಂತು.

ಬರುವ ಹೊತ್ತಿಗೆ ಮೇಷ್ಟ್ರ ಮಗ ಒಂದು ಪ್ರಯೋಗ ಮಾಡಿ ಮುಗಿಸಿದ್ದ. ಫೋನಿನಲ್ಲಿ ಕಟ್ಟಡದ ಫೋಟೊ ತೆಗೆದು, ಎಐ ಚಿತ್ರ ಮಾಡುವ ಒಂದು ಟೂಲಿಗೆ ಹಾಕಿ, ಮೂರ್ನಾಲ್ಕು ಹೊಸ ಶೈಲಿಯ ಚಿತ್ರ ತೆಗೆದಿದ್ದ. ಮೇಷ್ಟ್ರು ಅದನ್ನು ನನಗೆ ತೋರಿಸಿ, "ಏನಪ್ಪಾ ಇದು, ನಮ್ಮ ಸಜ್ಜ ಯಾಕೆ ಹೀಗೆ ಜೋತು ಬಿದ್ದಿದೆ?" ಅಂದರು.

ನಿಜಕ್ಕೂ ಜೋತು ಬಿದ್ದಿತ್ತು. ಪ್ಯಾರಾಪೆಟ್ಟಿನ ಕೆಳಗೆ, ಮೂಲ ಕಟ್ಟಡದಲ್ಲಿ ಇಲ್ಲವೇ ಇಲ್ಲದ ಒಂದು ಸಿಮೆಂಟ್ ಪಟ್ಟಿ. ಅದೂ ಮಧ್ಯದಲ್ಲಿ ಕೆಳಕ್ಕೆ ಬಾಗಿದ ಪಟ್ಟಿ. ಬಾಲ್ಕನಿಯ ಬಲಭಾಗದಲ್ಲಿ ಯಾವ ಭಾಷೆಯದೂ ಅಲ್ಲದ ಅಕ್ಷರಗಳ ಗಾಜಿನ ಫಲಕ. ದಿನಸಿ ಅಂಗಡಿಯ ಮುಂದೆ ಇಟ್ಟಿಗೆಯ ಹೂವಿನ ಕಟ್ಟೆ, ಅದು ಶಟರಿನ ಅರ್ಧವನ್ನೇ ಮುಚ್ಚಿತ್ತು. ಮೂಲ ಫೋಟೊ ಪಕ್ಕಕ್ಕಿಟ್ಟು ನೋಡಿದರೆ ಗುಟ್ಟು ತಿಳಿಯಿತು. ಬಾಗಿದ ಪಟ್ಟಿ ಇದ್ದ ಜಾಗದಲ್ಲಿ ಕರೆಂಟ್ ವೈರು ಹಾದಿತ್ತು. ಗಾಜಿನ ಫಲಕದ ಜಾಗದಲ್ಲಿ ಟ್ಯೂಷನ್ ಸೆಂಟರಿನ ಫ್ಲೆಕ್ಸ್ ಇತ್ತು. ಹೂವಿನ ಕಟ್ಟೆ ಅಂದರೆ ನಿಂತಿದ್ದ ಲೋಡಿಂಗ್ ಆಟೊ.

ಇಂಥ ಟೂಲುಗಳಲ್ಲಿ ಕಟ್ಟಡದ ಆಕಾರ ಕೆಡದಂತೆ ಶೈಲಿ ಮಾತ್ರ ಬದಲಾಯಿಸಬೇಕಾದರೆ ಸಾಮಾನ್ಯವಾಗಿ ಒಂದು ಉಪಾಯ ಮಾಡುತ್ತಾರೆ. ಮೊದಲು ಫೋಟೊದಿಂದ ಅಂಚುಗಳನ್ನಷ್ಟೇ ತೆಗೆಯುತ್ತಾರೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಗೆರೆಗಳ ಒಂದು ನಕ್ಷೆ ಸಿಗುತ್ತದೆ. ಹೊಸ ಚಿತ್ರ ಆ ಗೆರೆಗಳಿಗೆ ಅಂಟಿಕೊಂಡೇ ಹುಟ್ಟಬೇಕು. ಆ ನಕ್ಷೆಗೆ ಗೋಡೆ ಯಾವುದು, ವೈರು ಯಾವುದು ಗೊತ್ತಿಲ್ಲ. ಆಕಾಶದ ಎದುರು ಕಪ್ಪಗೆ ಕಾಣುವ ವೈರಂತೂ ಹಳೆಯ ಗೋಡೆಯ ಮಾಸಿದ ಅಂಚಿಗಿಂತ ಎದ್ದು ಕಾಣುವ ಗೆರೆ. ಹಾಗಾಗಿ ಟೂಲು ಅದನ್ನೇ ಮೊದಲು ಗೌರವಿಸುತ್ತದೆ. "ವೈರು ಬೇಡ" ಅಂತ ಬರೆದು ಹೇಳಿದರೂ ಗೆರೆ ಅಲ್ಲೇ ಇರುತ್ತದಲ್ಲ, ಅದಕ್ಕೊಂದು ಅರ್ಥ ಕಟ್ಟಲೇಬೇಕು. ಪಟ್ಟಿ, ಬಿರುಕು, ಪೈಪು, ಏನೋ ಒಂದು ಆಗುತ್ತದೆ.

ಆದ್ದರಿಂದ ಶುಚಿ ಮಾಡುವ ಕೆಲಸ ಮೊದಲು ಆಗಬೇಕು. ಈ ಮೂರು ಅಡ್ಡಿಗಳನ್ನು ಒಂದೇ ಬ್ರಷ್ಷಿನಲ್ಲಿ ಒರೆಸಿ ಹಾಕುವ ಹಾಗೂ ಇಲ್ಲ. ವೈರಿನ ಹಿಂದೆ ಏನಿದೆ ಅಂತ ಅದರ ಅಕ್ಕಪಕ್ಕವೇ ಹೇಳುತ್ತದೆ. ಫ್ಲೆಕ್ಸಿನ ಹಿಂದೆ ಏನಿದೆ ಅಂತ ಆ ಫೋಟೊದಲ್ಲಿ ಯಾರೂ ಹೇಳುವುದಿಲ್ಲ, ಬೇರೆ ಕಡೆಯಿಂದ ಸಾಕ್ಷಿ ತರಬೇಕು. ವಾಹನ ಮುಚ್ಚುವುದು ಕಟ್ಟಡ ನೆಲಕ್ಕೆ ಕೂರುವ ಜಾಗವನ್ನು, ಅಲ್ಲಿ ತಪ್ಪಿದರೆ ಇಡೀ ಮನೆ ತೇಲುತ್ತದೆ.

ಫೋಟೊ ಮತ್ತೆ ತೆಗೆದದ್ದು

ಮಗ ತೆಗೆದ ಫೋಟೊ ಬಿಸಿಲಿನದು, ಓರೆಯಾದದ್ದು. ಅದನ್ನು ಬಿಟ್ಟು ಮೋಡ ಕವಿದ ಒಂದು ಬೆಳಗ್ಗೆ ಹೊಸದಾಗಿ ತೆಗೆದೆ. ಮೋಡ ಯಾಕೆ ಅಂದರೆ ನೆರಳು ಬೀಳುವುದಿಲ್ಲ. ಬಿಸಿಲಿನಲ್ಲಿ ಒಂದು ವಸ್ತು ಅಳಿಸಿದರೆ ಅದರ ನೆರಳನ್ನೂ ಹುಡುಕಿ ಅಳಿಸಬೇಕು, ಕೆಲಸ ಎರಡರಷ್ಟು. ಆದರೂ ಮಧ್ಯೆ ಒಂದಿಷ್ಟು ಹೊತ್ತು ಸೂರ್ಯ ಇಣುಕಿದ. ಒಳ್ಳೆಯ ಕೋನದ ಫೋಟೊ ಆಗಲೇ ಸಿಕ್ಕಿದ್ದು, ಅದನ್ನೇ ಇಟ್ಟುಕೊಂಡೆ.

ರಸ್ತೆ ಕಿರಿದು. ಎದುರು ಮನೆಯ ಗೇಟಿಗೆ ಬೆನ್ನು ಕೊಟ್ಟು ನಿಂತರೂ ಗೋಡೆಗೆ ಸುಮಾರು 9 ಮೀಟರ್ ಅಷ್ಟೇ. ಫೋನಿನ ಮಾಮೂಲಿ ಕ್ಯಾಮೆರಾ, ಅಡ್ಡಡ್ಡ ಹಿಡಿದರೆ 4000 ಪಿಕ್ಸೆಲ್ ಅಗಲ. ಅಷ್ಟು ದೂರದಲ್ಲಿ ಗೋಡೆಯ ಒಂದು ಮೀಟರಿಗೆ 330 ಪಿಕ್ಸೆಲ್ ಆಸುಪಾಸು ಸಿಗುತ್ತದೆ. ಕರೆಂಟ್ ಲೈನು ಕ್ಯಾಮೆರಾಕ್ಕೆ ಇನ್ನೂ ಹತ್ತಿರ. ಬೆರಳಿನಷ್ಟೂ ದಪ್ಪ ಇಲ್ಲದ ಆ ತಂತಿ ಫೋಟೊದಲ್ಲಿ ನಾಲ್ಕು ಪಿಕ್ಸೆಲ್ ದಪ್ಪ ಬಂದಿತ್ತು. ಕೇಬಲ್ ಟಿವಿ, ಇಂಟರ್ನೆಟ್ ವೈರುಗಳೆಲ್ಲ ಸೇರಿ ಸುತ್ತಿಕೊಂಡ ಕಂತೆ ಇಪ್ಪತ್ತು ಪಿಕ್ಸೆಲ್ ದಾಟುತ್ತಿತ್ತು.

ಈ ಲೆಕ್ಕ ಯಾಕೆ ಹೇಳಿದೆ ಅಂದರೆ, ಹೀಗೆ ಶೈಲಿ ಬದಲಾಯಿಸುವ ರೀಸ್ಟೈಲ್ ಟೂಲು ಕೆಲಸ ಮಾಡುವಾಗ ಚಿತ್ರವನ್ನು ಸಾಮಾನ್ಯವಾಗಿ ಚಿಕ್ಕದು ಮಾಡಿಕೊಳ್ಳುತ್ತದೆ, ಸಾವಿರ ಚಿಲ್ಲರೆ ಪಿಕ್ಸೆಲ್ಲಿಗೆ. ಆಮೇಲೆ ವೈರು ತೆಗೆಯೋಣ ಅಂತ ಕೂತರೆ ಅದು ಒಂದು ಪಿಕ್ಸೆಲ್ಲಾಗಿ ಗೋಡೆಯ ಬಣ್ಣದ ಜೊತೆ ಬೆರೆತು ಹೋಗಿರುತ್ತದೆ. ಅಂಚಾಗಿ ಉಳಿದಿರುತ್ತದೆ, ಹಿಡಿಯಲು ಮಾತ್ರ ಸಿಗುವುದಿಲ್ಲ. ಅಳಿಸುವುದು ಪೂರ್ತಿ ಅಳತೆಯಲ್ಲೇ ಆಗಬೇಕು, ಚಿಕ್ಕದು ಮಾಡುವುದು ಕೊನೆಗೆ.

ಅಳಿಸುವುದಕ್ಕೂ ಮುಂಚೆ ಫೋಟೊವನ್ನು ನೆಟ್ಟಗೆ ಮಾಡಿದೆ. ಮೇಲ್ಮುಖವಾಗಿ ಹಿಡಿದು ತೆಗೆದದ್ದರಿಂದ ಕಂಬ, ಗೋಡೆಯ ಅಂಚು ಎಲ್ಲ ಮೇಲಕ್ಕೆ ಹೋಗುತ್ತಾ ಹತ್ತಿರವಾಗಿದ್ದವು. ಪರ್ಸ್ಪೆಕ್ಟಿವ್ ಸರಿಪಡಿಸಿ ನಿಂತ ಗೆರೆಗಳನ್ನು ನೇರ ನಿಲ್ಲಿಸಿದರೆ ಮುಂದೆ ದೊಡ್ಡ ಉಪಕಾರ. ಎಡಗಡೆಯ ತುಂಡನ್ನು ಬಲಗಡೆಗೆ ತಂದಿಟ್ಟರೆ ಅಳತೆ ಹೊಂದುತ್ತದೆ. ಓರೆ ಫೋಟೊದಲ್ಲಿ ಹಾಗೆ ಮಾಡಿದರೆ ಪ್ರತಿ ತುಂಡೂ ಹಿಗ್ಗಬೇಕು ಇಲ್ಲ ಕುಗ್ಗಬೇಕು.

ವೈರು

ಸುಲಭ ಅನ್ನುತ್ತಾರೆ. ಆಕಾಶದ ಮೇಲಿನ ವೈರು ನಿಜಕ್ಕೂ ಸುಲಭ. ಈಗ ಫೋಟೊ ತಿದ್ದುವ ಹಲವು ಸಾಫ್ಟ್‌ವೇರ್‌ಗಳಲ್ಲಿ ವೈರನ್ನು ತಾನಾಗಿ ಹುಡುಕಿ ತೆಗೆಯುವ ಬಟನ್ನೇ ಇದೆ. ಆಕಾಶದಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ಆದರೂ ಒಂದು ತೊಡಕು ಇದೆ. ಫೋನಿನ ಕ್ಯಾಮೆರಾ ಚಿತ್ರವನ್ನು ತಾನೇ ಹರಿತ ಮಾಡುತ್ತದೆ. ಕಪ್ಪು ವೈರಿನ ಎರಡೂ ಬದಿಗೆ ತೆಳ್ಳಗೆ ಬೆಳ್ಳಗಿನ ಒಂದು ಅಂಚು ಬಿಡುತ್ತದೆ. ದೊಡ್ಡದು ಮಾಡಿ ನೋಡಿದರೆ ಮಾತ್ರ ಕಾಣುತ್ತದೆ. ವೈರಿನಷ್ಟೇ ದಪ್ಪಕ್ಕೆ ಮಾಸ್ಕ್, ಅಂದರೆ ಅಳಿಸಬೇಕಾದ ಜಾಗದ ಗುರುತು, ಎಳೆದು ಅಳಿಸಿದರೆ ಕಪ್ಪು ಹೋಗಿ ಆ ಬೆಳ್ಳಗಿನ ಜೋಡಿ ಗೆರೆ ಉಳಿಯುತ್ತದೆ. ಬರಿಗಣ್ಣಿಗೆ ಆಕಾಶ ಶುಚಿಯಾಗಿ ಕಂಡರೂ ಅಂಚಿನ ನಕ್ಷೆಗೆ ಅದು ಇನ್ನೂ ಗೆರೆಯೇ. ಹಾಗಾಗಿ ನಾಲ್ಕು ಪಿಕ್ಸೆಲ್ ವೈರಿಗೆ ಹನ್ನೆರಡು ಪಿಕ್ಸೆಲ್ ಮಾಸ್ಕ್ ಹಾಕಿದೆ. ಎರಡೂ ಕಡೆ ನಾಲ್ಕು ನಾಲ್ಕು ಜಾಸ್ತಿ.

ಕಷ್ಟ ಇರುವುದು ವೈರು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ದಾಟುವಲ್ಲಿ. ನಮ್ಮ ಫೋಟೊದಲ್ಲಿ ಒಂದೇ ವೈರು ಆಕಾಶ, ಪ್ಯಾರಾಪೆಟ್ಟಿನ ಅಂಚು, ಬಿಳಿ ಗೋಡೆ, ಕಿಟಕಿಯ ಗ್ರಿಲ್ ಎಲ್ಲವನ್ನೂ ದಾಟುತ್ತಿತ್ತು. ಈ ತುದಿಯಿಂದ ಆ ತುದಿಗೆ ಒಂದೇ ಮಾಸ್ಕ್ ಹಾಕಿದರೆ ತಾನಾಗಿ ತುಂಬುವ ಟೂಲು ಆಕಾಶದ ಬಣ್ಣವನ್ನು ಪ್ಯಾರಾಪೆಟ್ಟಿನೊಳಕ್ಕೆ ಸ್ವಲ್ಪ ಎಳೆದುಕೊಂಡು ಬರುತ್ತದೆ. ಅಂಚು ಇಲಿ ಕಚ್ಚಿದ ರೊಟ್ಟಿಯ ಹಾಗೆ ಆಗುತ್ತದೆ. ಅದಕ್ಕೆ ವೈರನ್ನು ತುಂಡು ತುಂಡಾಗಿ ತೆಗೆದೆ. ಆಕಾಶದ ತುಂಡು ಬೇರೆ, ಗೋಡೆಯ ತುಂಡು ಬೇರೆ. ಅಂಚಿಗೆ ಎರಡೂ ಕಡೆ ಸ್ವಲ್ಪ ಜಾಗ ಬಿಟ್ಟು ನಿಲ್ಲಿಸಿದೆ. ಉಳಿದ ಆ ಚಿಕ್ಕ ತುಂಡಿಗೆ ಕ್ಲೋನ್ ಟೂಲ್. ಅದೇ ಪ್ಯಾರಾಪೆಟ್ಟಿನ ಪಕ್ಕದ ಶುಚಿಯಾದ ಅಂಚನ್ನು ಮಾದರಿಯಾಗಿ ಹಿಡಿದು, ಶಿಫ್ಟ್ ಒತ್ತಿ ನೇರ ಎಳೆದೆ. ಅಂಚು ಅಂಚಿನ ಮೇಲೇ ಕೂರಬೇಕು, ಒಂದು ಪಿಕ್ಸೆಲ್ ಮೇಲೆ ಕೆಳಗೆ ಆದರೂ ಮೆಟ್ಟಿಲು ಕಾಣುತ್ತದೆ.

ಗ್ರಿಲ್ಲಿನ ಮೇಲಿನ ವೈರಿಗೆ ತಾನಾಗಿ ತುಂಬುವುದನ್ನು ನಂಬಲೇ ಇಲ್ಲ. ಅಡ್ಡ ಹಾದ ವೈರು ಅಳಿಸುವಾಗ ಅದು ನಿಂತ ಸರಳನ್ನೂ ತಿಂದು ಹಾಕುತ್ತದೆ. ಅದೇ ಕಿಟಕಿಯ ಕೆಳಗಿನ ಒಂದು ತುಂಡು ಗ್ರಿಲ್ ತೆಗೆದು ಮೇಲೆ ಕೂರಿಸಿದೆ. ಗ್ರಿಲ್ ಒಂದೇ ಥರ ಪುನರಾವರ್ತನೆ ಆಗುವುದರಿಂದ ಸಲೀಸು.

ಇನ್ನು ನೆರಳು. ಕಂಬದಿಂದ ಮೀಟರ್ ಬೋರ್ಡಿಗೆ ಬರುವ ಸರ್ವೀಸ್ ವೈರು ಗೋಡೆಯ ಪಕ್ಕದಲ್ಲೇ ಹಾದುಹೋಗುತ್ತದೆ. ವೈರು ಅಳಿಸಿದ ಮೇಲೂ ಅದರಿಂದ ಒಂದು ಗೇಣು ಕೆಳಗೆ ಓರೆಯಾಗಿ ಇನ್ನೊಂದು ಬೂದು ಗೆರೆ ಉಳಿದಿತ್ತು. ಇಣುಕಿದ ಸೂರ್ಯನ ಕೃಪೆ. ತಮಾಷೆ ಅಂದರೆ ರಸ್ತೆಯ ಮೇಲಿನ ದೊಡ್ಡ ಲೈನಿನ ನೆರಳು ಗೋಡೆಯ ಮೇಲೆ ಗೆರೆಯಾಗಿ ಬೀಳುವುದೇ ಇಲ್ಲ. ಸೂರ್ಯ ಒಂದು ಚುಕ್ಕಿ ಅಲ್ಲವಲ್ಲ, ದೊಡ್ಡ ಬಿಲ್ಲೆ. ಎರಡು ಮೂರು ಮೀಟರ್ ದೂರದ ತೆಳ್ಳನೆಯ ತಂತಿಯ ನೆರಳು ಮಸುಕಾಗಿ ಕರಗಿ ಹೋಗುತ್ತದೆ. ಗೋಡೆಗೆ ಹತ್ತಿರ ಇರುವ ವೈರಿನ ನೆರಳೇ ಚೂಪಾಗಿ ಬೀಳುವುದು. ಎಲ್ಲಿ ನೆರಳು ಹುಡುಕಬೇಕು ಅನ್ನುವುದಕ್ಕೆ ಇದು ಗುರುತು: ಗೋಡೆಗೆ ಅಂಟಿಕೊಂಡು ಹಾದ ವೈರು, ಕ್ಲಾಂಪು, ಪೈಪು ಇವುಗಳ ಪಕ್ಕ ನೋಡಿ.

ಫ್ಲೆಕ್ಸ್

ಈ ಫೋಟೊದಲ್ಲಿ ಎರಡು ಥರದ ಬೋರ್ಡ್ ಇದ್ದವು. ಅಂಗಡಿಗಳ ಶಟರಿನ ಮೇಲೆ ಹೆಸರಿನ ಬೋರ್ಡ್. ಬಾಲ್ಕನಿಯ ಬಲಭಾಗಕ್ಕೆ ಕಬ್ಬಿಣದ ಆ್ಯಂಗಲ್ಲಿನಿಂದ ಕಟ್ಟಿದ ಟ್ಯೂಷನ್ ಸೆಂಟರಿನ ಫ್ಲೆಕ್ಸ್, ಸುಮಾರು 12 ಅಡಿ ಅಗಲ, 4 ಅಡಿ ಎತ್ತರ.

ಅಂಗಡಿ ಬೋರ್ಡನ್ನು ನಾನು ತೆಗೆಯಲಿಲ್ಲ. ಬಾಡಿಗೆಗೆ ಅಂಗಡಿ ಇರುವವರೆಗೆ ಬೋರ್ಡ್ ಇರಲೇಬೇಕು. ಹೊಸ ಎಲಿವೇಷನ್ನಿನಲ್ಲೂ ಅದಕ್ಕೊಂದು ಜಾಗ ಬೇಕು. ಜಾಗ ಬಿಡದೆ ಚಂದ ಮಾಡಿ ಕೊಟ್ಟರೆ ನಾಳೆ ಅಂಗಡಿಯವರು ಹೊಸ ಗೋಡೆಗೇ ಮೊಳೆ ಹೊಡೆಯುತ್ತಾರೆ. ಆದರೆ ಅಕ್ಷರಗಳನ್ನು ಮಾತ್ರ ಅಳಿಸಿದೆ. ಅಕ್ಷರ ಬಿಟ್ಟರೆ ರೀಸ್ಟೈಲ್ ಮಾಡುವಾಗ ಕನ್ನಡ ಒತ್ತಕ್ಷರಗಳೆಲ್ಲ ಜಿಲೇಬಿಯಾಗಿ ಹೊರಬರುತ್ತವೆ. ಬೋರ್ಡಿನ ಚೌಕಟ್ಟು ಉಳಿಸಿ ಒಳಗೆ ಒಂದೇ ಸಾದಾ ಬಣ್ಣ ತುಂಬಿದೆ. ಹೆಸರು ಬೇಕಾದರೆ ಕೊನೆಗೆ ಫಾಂಟಿನಲ್ಲಿ ಬರೆದು ಅಂಟಿಸಬಹುದು.

ದೊಡ್ಡ ಫ್ಲೆಕ್ಸೇ ಈ ಪ್ರಕರಣದ ಮುಖ್ಯ ಕಥೆ.

ಬಾಲ್ಕನಿಯ ಮುಂಭಾಗಕ್ಕೆ ಸಿಮೆಂಟ್ ಜಾಲಿ ಇದೆ, ಮೂರಡಿ ಎತ್ತರ. ಹಳೆಯ ಮನೆಗಳಲ್ಲಿ ನೋಡಿರುತ್ತೀರಿ, ಹೂವಿನ ಎಸಳಿನ ಆಕಾರದ ತೂತುಗಳು. ಎಡಗಡೆ 8 ಜಾಲಿ ಕಾಣುತ್ತಿದ್ದವು. ಉಳಿದದ್ದು ಫ್ಲೆಕ್ಸಿನ ಹಿಂದೆ. ಫ್ಲೆಕ್ಸನ್ನು ಆಯ್ಕೆ ಮಾಡಿ ತಾನಾಗಿ ತುಂಬಲು ಬಿಟ್ಟು ನೋಡಿದೆ. ದೂರದಿಂದ ನೋಡಿದರೆ ಭೇಷ್ ಅನ್ನಬೇಕು. ಹತ್ತಿರ ಹೋಗಿ ಎಣಿಸಿದರೆ ಹಿಂದೆ ಹದಿಮೂರೂವರೆ ಜಾಲಿ ಬಂದಿದ್ದವು. ಬಲಕ್ಕೆ ಹೋದ ಹಾಗೆ ಅಗಲ ಬದಲಾಗುತ್ತಿತ್ತು. ಒಂದು ಕಡೆ ಎರಡು ಜಾಲಿ ಸೇರಿ ಒಂದಾಗಿದ್ದವು. ಈ ಟೂಲುಗಳು ಪಕ್ಕದ ಮಾದರಿಯನ್ನು ನೋಡಿ ಅದರಂಥದನ್ನು ಮುಂದುವರಿಸುತ್ತವೆ. ಎಣಿಕೆ ಅವುಗಳ ಕೆಲಸವೇ ಅಲ್ಲ.

ಎಣಿಕೆಗೆ ಟೇಪೇ ಬೇಕು. ಮೇಷ್ಟ್ರು ಬಾಲ್ಕನಿಯಲ್ಲಿ ನಿಂತು ಅಳತೆ ಹೇಳಿದರು. ಎರಡು ಕಂಬಗಳ ನಡುವೆ 18 ಅಡಿ. ಒಂದು ಜಾಲಿ ಗಾರೆ ಸೇರಿ 9 ಇಂಚು. ಅಂದರೆ 24 ಜಾಲಿ. ಕಂಡದ್ದು 8, ಮುಚ್ಚಿದ್ದು 16. ಫೋಟೊದಲ್ಲಿ ಕಂಡ 8 ಜಾಲಿಗಳ ಅಗಲ ಅಳೆದರೆ 640 ಪಿಕ್ಸೆಲ್, ಅಂದರೆ ಒಂದಕ್ಕೆ 80. ಫೋಟೊ ಮೊದಲೇ ನೆಟ್ಟಗೆ ಮಾಡಿದ್ದರಿಂದ ಈ 80 ಕೊನೆಯವರೆಗೂ ನಡೆಯುತ್ತದೆ. 8 ಜಾಲಿಯ ಪಟ್ಟಿಯನ್ನು ನಕಲು ಮಾಡಿ 640 ಪಿಕ್ಸೆಲ್ ಸರಿಸಿ ಒಮ್ಮೆ, 1280 ಸರಿಸಿ ಇನ್ನೊಮ್ಮೆ ಇಟ್ಟೆ. ಬಲಗಡೆಯ ಕಂಬಕ್ಕೆ ಸರಿಯಾಗಿ ಹೋಗಿ ಮುಟ್ಟಿತು. ಕಂಬಕ್ಕೆ ಮುಟ್ಟದೆ ಅರ್ಧ ಜಾಲಿ ಉಳಿದಿದ್ದರೆ ಅಳತೆಯಲ್ಲೋ ಪರ್ಸ್ಪೆಕ್ಟಿವ್‌ನಲ್ಲೋ ತಪ್ಪಿದೆ ಅಂತ ಅಲ್ಲೇ ತಿಳಿಯುತ್ತಿತ್ತು.

ನಕಲು ಮಾಡಿದಾಗ ಕಲೆಯೂ ನಕಲಾಗುತ್ತದೆ. ಮೂರನೇ ಜಾಲಿಯ ಕೆಳಗೆ ಮಳೆನೀರು ಇಳಿದು ಪಾಚಿ ಕಟ್ಟಿದ ಒಂದು ಕಪ್ಪು ಪಟ್ಟೆ ಇತ್ತು. ಅದು ಹನ್ನೊಂದನೆಯದರ ಕೆಳಗೂ, ಹತ್ತೊಂಬತ್ತನೆಯದರ ಕೆಳಗೂ ತಪ್ಪದೆ ಬಂದು ಕೂತಿತು. ಕಣ್ಣು ಇದನ್ನು ಬೇಗ ಹಿಡಿಯುತ್ತದೆ. ನಕಲುಗಳಲ್ಲಿ ಆ ಪಟ್ಟೆಯನ್ನು ಒರೆಸಿದೆ.

ಜಾಲಿ ಮುಗಿಯಿತು. ಅದರ ಮೇಲೆ, ಹಿಂದಿನ ಗೋಡೆ. ಫ್ಲೆಕ್ಸ್ ಬಾಲ್ಕನಿಗಿಂತ ಒಂದಡಿ ಮೇಲಕ್ಕಿತ್ತು, ನಾವು ನೋಡುತ್ತಿರುವುದು ಕೆಳಗಿನಿಂದ. ಹಾಗಾಗಿ ಹಿಂದಿನ ಗೋಡೆಯ ಮೇಲ್ಭಾಗ ಮಾತ್ರ ಕಾಣುತ್ತಿತ್ತು. ಎಡಕ್ಕೆ ಒಂದು ಕಿಟಕಿ, ಅದರ ನೆತ್ತಿಯಲ್ಲಿ ಬಣ್ಣದ ಗಾಜಿನ ವೆಂಟಿಲೇಟರ್. ಬಲಕ್ಕೆ, ಫ್ಲೆಕ್ಸಿನ ಮೇಲ್ಗಡೆ, ಅಂಥದ್ದೇ ಇನ್ನೊಂದು ವೆಂಟಿಲೇಟರ್. ಅಗಲ ಅದೇ, ಎತ್ತರ ಅದೇ, ಗಾಜೂ ಅದೇ. ಯಾರೇ ನೋಡಿದರೂ ಎಡಗಡೆಯ ಕಿಟಕಿಯನ್ನು ತಂದು ಬಲಕ್ಕೆ ಅಂಟಿಸಿಬಿಡುತ್ತಾರೆ. ತಾನಾಗಿ ತುಂಬಿದ ಚಿತ್ರದಲ್ಲೂ ಅಲ್ಲಿ ಕಿಟಕಿಯೇ ಬಂದಿತ್ತು.

ಈ ಬೋರ್ಡುಗಳು ಗೋಡೆಗೆ ಅಂಟಿಕೊಂಡಿರುವುದಿಲ್ಲ. ಆ್ಯಂಗಲ್ ಫ್ರೇಮಿನ ಮೇಲೆ ಒಂದಡಿಯಾದರೂ ಮುಂದೆ ನಿಂತಿರುತ್ತವೆ. ಪಕ್ಕದಿಂದ, ಎತ್ತರದಿಂದ ನೋಡಿದರೆ ಹಿಂದಿನದು ಕಾಣುತ್ತದೆ. ಎದುರು ಮನೆಯವರನ್ನು ಕೇಳಿ ಅವರ ಟೆರೇಸಿನ ಮೂಲೆಯಿಂದ ಓರೆಯಾಗಿ ಒಂದು ಫೋಟೊ ತೆಗೆದೆ. ಬಲಗಡೆ ಇದ್ದದ್ದು ಎರಡು ಪಡಿಯ ಮರದ ಬಾಗಿಲು. ಕಟ್ಟುವಾಗ ಬಾಗಿಲಿಗೂ ಕಿಟಕಿಗೂ ಒಂದೇ ಲಿಂಟಲ್ ಮಟ್ಟ ಇಡುವುದು ವಾಡಿಕೆ, ಅದಕ್ಕೇ ಮೇಲಿನ ತುದಿ ನೋಡಿದರೆ ಎರಡೂ ಒಂದೇ ಅನ್ನಿಸುತ್ತದೆ. ಯೋಚಿಸಿದರೆ ಅದು ಬಾಗಿಲೇ ಆಗಿರಬೇಕು ಅಲ್ವಾ? ಬಾಲ್ಕನಿಗೆ ಬರುವುದಾದರೂ ಹೇಗೆ ಮತ್ತೆ. ಎರಡೂ ಕಿಟಕಿ ಇಟ್ಟಿದ್ದರೆ ಬಾಗಿಲೇ ಇಲ್ಲದ ಬಾಲ್ಕನಿಗೆ ಹೊಸ ರೇಲಿಂಗ್ ಹಾಕಿ ಚಂದದ ಚಿತ್ರ ಮಾಡಿದ ಹಾಗೆ ಆಗುತ್ತಿತ್ತು.

ಓರೆ ಫೋಟೊದಿಂದ ಬಾಗಿಲನ್ನು ಹಾಗೇ ಕತ್ತರಿಸಿ ಅಂಟಿಸಲು ಬರುವುದಿಲ್ಲ. ಗೋಡೆ ಸಮತಟ್ಟಾದ ಒಂದೇ ಮೈ. ಅದರ ಮೇಲಿನ ನಾಲ್ಕು ಬಿಂದು ಎರಡೂ ಫೋಟೊದಲ್ಲಿ ಸಿಕ್ಕರೆ ಒಂದನ್ನು ಇನ್ನೊಂದರ ಮೇಲೆ ಎಳೆದು ಕೂರಿಸಬಹುದು. ಎಡಗಿಟಕಿಯ ವೆಂಟಿಲೇಟರಿನ ಎಡಬದಿಯ ಎರಡು ಮೂಲೆ, ಬಲದ ವೆಂಟಿಲೇಟರಿನ ಬಲಬದಿಯ ಎರಡು ಮೂಲೆ ಹಿಡಿದು ಪರ್ಸ್ಪೆಕ್ಟಿವ್ ಟೂಲಿನಲ್ಲಿ ಎಳೆದೆ. ಒಂದು ಎಚ್ಚರ: ನಾಲ್ಕೂ ಬಿಂದು ಆ ಹಿಂಗೋಡೆಯ ಮೇಲೇ ಇರಬೇಕು. ಮೂರಡಿ ಮುಂದಿರುವ ಬಾಲ್ಕನಿಯ ಕಂಬದ ಮೇಲೆ ಒಂದು ಬಿಂದು ಹಿಡಿದರೆ ಬಾಗಿಲು ಸೊಟ್ಟಗಾಗುತ್ತದೆ. ಎಲ್ಲ ಬಿಂದುಗಳೂ ಮೇಲ್ಗಡೆಯೇ ಇದ್ದದ್ದರಿಂದ ಕೆಳಕ್ಕೆ ಬಂದ ಹಾಗೆ ಬಾಗಿಲ ಚೌಕಟ್ಟು ಸ್ವಲ್ಪ ಹೊರಕ್ಕೆ ವಾಲಿತು, ಅದನ್ನು ಕೈಯಲ್ಲಿ ನೇರ ಮಾಡಿದೆ. ಟೆರೇಸ್ ಫೋಟೊದ ಬೆಳಕು ಬೇರೆ ಇತ್ತು, ಗೋಡೆಯ ಬಣ್ಣ ಹೊಂದಿಸಿಕೊಂಡೆ.

ಮನೆಯವರ ಹತ್ತಿರ ಹಳೆಯ ಆಲ್ಬಂ ಇದ್ದರೆ ಕೇಳಿ ನೋಡಿ. ಗೃಹಪ್ರವೇಶದ ದಿನ ಮನೆಯ ಮುಂದೆ ನಿಂತು ತೆಗೆಸಿಕೊಂಡ ಫೋಟೊ ಬಹಳ ಮನೆಗಳಲ್ಲಿ ಇರುತ್ತದೆ. ಆಗ ಫ್ಲೆಕ್ಸೂ ಇರಲಿಲ್ಲ, ಇಷ್ಟು ವೈರೂ ಇರಲಿಲ್ಲ. ಮೇಷ್ಟ್ರ ಮನೆಯ ಫೋಟೊದಲ್ಲಿ ಜನ, ತೋರಣ, ಬಾಳೆಕಂಬ ಜಾಸ್ತಿ, ಕಟ್ಟಡ ಕಮ್ಮಿ. ಆದರೂ ಜಾಲಿ ಬಲಗಡೆಯ ಕಂಬದವರೆಗೂ ಇರುವುದು ಅದರಿಂದ ಖಾತ್ರಿ ಆಯಿತು. ಮಧ್ಯೆ ಎಲ್ಲಾದರೂ ಒಡೆದು ಇಟ್ಟಿಗೆ ಮುಚ್ಚಿದ್ದರೆ? ಅದನ್ನು ಮೇಷ್ಟ್ರೇ ಬಾಲ್ಕನಿಯಲ್ಲಿ ನಿಂತು ನೋಡಿ, ಇಲ್ಲ ಅಂದರು.

ಫ್ಲೆಕ್ಸಿನ ಕೆಳಗೆ, ಅಂಗಡಿ ಬೋರ್ಡಿಗಿಂತ ಮೇಲಿನ ಗೋಡೆಗೆ ಅದರ ನೆರಳು ಅಗಲವಾಗಿ ಬಿದ್ದಿತ್ತು. ಅದನ್ನು ಅಳಿಸಿ ತುಂಬಲಿಲ್ಲ. ನೆರಳಿನಲ್ಲಿ ಇರುವುದೂ ನಿಜವಾದ ಗೋಡೆಯೇ, ಬರೀ ಮಬ್ಬಾಗಿದೆ ಅಷ್ಟೆ. ನೆರಳಿನ ಆಕಾರಕ್ಕೆ ಮಾಸ್ಕ್ ಮಾಡಿ, ಕರ್ವ್ಸ್‌ನಲ್ಲಿ ಬೆಳಕು ಏರಿಸಿ, ಪಕ್ಕದ ಗೋಡೆಗೆ ಸರಿಹೊಂದಿಸಿದೆ. ನೆರಳಿಗೆ ಸ್ವಲ್ಪ ನೀಲಿ ಛಾಯೆ ಇರುತ್ತದೆ, ಆಕಾಶದ ಬೆಳಕು ಮಾತ್ರ ಬೀಳುವುದರಿಂದ. ಅದನ್ನೂ ಒಂಚೂರು ಹಳದಿ ಕಡೆಗೆ ತರಬೇಕು.

ವಾಹನ

ಓಡಾಡುವ ವಾಹನಕ್ಕೆ ಬಹಳ ಸುಲಭದ ಉಪಾಯ ಇದೆ. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಸ್ವಲ್ಪ ಬಿಟ್ಟು ಬಿಟ್ಟು ಐದಾರು ಫೋಟೊ ತೆಗೆದು, ಎಲ್ಲದರ ಮೀಡಿಯನ್ ತೆಗೆಯುವುದು.

```
magick a1.jpg a2.jpg a3.jpg a4.jpg a5.jpg -evaluate-sequence median out.jpg
```

ಪ್ರತಿ ಬಿಂದುವಿಗೂ ಐದು ಬೆಲೆಗಳ ನಡುವಿನದನ್ನು ಆರಿಸುತ್ತದೆ. ಅರ್ಧಕ್ಕಿಂತ ಹೆಚ್ಚು ಫೋಟೊಗಳಲ್ಲಿ ಆ ಜಾಗ ಖಾಲಿ ಕಂಡಿದ್ದರೆ ಸಾಕು, ಹಾದುಹೋದ ಬೈಕು, ಜನ ಎಲ್ಲ ಮಾಯ. ನಿಂತ ಗಾಡಿಗೆ ಮಾತ್ರ ಇದು ನಡೆಯದು. ಅಂಗಡಿಯ ಶಟರ್ ಇನ್ನೂ ತೆರೆದಿರಲಿಲ್ಲ, ಆದರೂ ಲೋಡಿಂಗ್ ಆಟೊ ದಿನಸಿ ಮೂಟೆ ಇಳಿಸುತ್ತಾ ಎಲ್ಲ ಫೋಟೊದಲ್ಲೂ ಠಿಕಾಣಿ ಹೂಡಿತ್ತು. ಪಕ್ಕದಲ್ಲಿ ಎರಡು ಸ್ಕೂಟರ್.

ಅಂಗಡಿಗೆ ರಜೆ ಇರುವ ದಿನ ಬೆಳಗ್ಗೆ ಬಂದು ತೆಗೆಯಬಹುದಿತ್ತು. ಗಾಡಿ ಇರುವುದಿಲ್ಲ, ಶಟರ್ ಮುಚ್ಚಿರುತ್ತದೆ. ರೀಸ್ಟೈಲಿಗೆ ಮುಚ್ಚಿದ ಶಟರೇ ವಾಸಿ, ಒಳಗಿನ ಡಬ್ಬಿ ಸಾಮಾನೆಲ್ಲ ಅಂಚಾಗಿ ಬರುವುದಿಲ್ಲ. ಸಾಧ್ಯ ಇದ್ದವರು ಹಾಗೇ ಮಾಡಿ. ಇಲ್ಲಿ ಅಂಗಡಿಗೆ ರಜೆ ಅನ್ನುವುದೇ ಇರಲಿಲ್ಲ.

ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಇನ್ನೊಂದು ಫೋಟೊ ತೆಗೆದರೆ ಗಾಡಿಯ ಹಿಂದಿನದು ಕಾಣುತ್ತದೆ ಅಂತ ಹೇಳುವವರಿದ್ದಾರೆ. ಲೆಕ್ಕ ಹಾಕಿ. ಗೋಡೆ 9 ಮೀಟರ್ ದೂರ, ಗಾಡಿ 7 ಮೀಟರ್ ದೂರ. ಎರಡು ಮೀಟರ್ ಪಕ್ಕಕ್ಕೆ ಸರಿದರೆ ಗೋಡೆಯ ಮೇಲೆ ಹೊಸದಾಗಿ ಕಾಣುವುದು ಅರ್ಧ ಮೀಟರ್ ಚಿಲ್ಲರೆ. ಗಾಡಿಯ ಉದ್ದ ಅದರ ಎಷ್ಟೋ ಪಟ್ಟು. ಅದಕ್ಕಿಂತ ಗಾಡಿ ಮತ್ತು ಅಂಗಡಿಯ ಮಧ್ಯದ ಜಾಗಕ್ಕೇ ಹೋಗಿ ನಿಂತು, ಕೆಳಭಾಗದ ಫೋಟೊಗಳನ್ನು ನೇರವಾಗಿ ತೆಗೆಯುವುದು ಒಳ್ಳೆಯದು. ಶಟರಿನ ಕೆಳ ಅಂಚು, ಕಲ್ಲಿನ ಎರಡು ಮೆಟ್ಟಿಲು, ಮೋರಿಯ ಮೇಲೆ ಹಾಸಿದ ಚಪ್ಪಡಿ ಎಲ್ಲ ಸಿಕ್ಕಿತು. ಹತ್ತಿರದಿಂದ ತೆಗೆದದ್ದರಿಂದ ತುಂಡು ತುಂಡು. ಮೊದಲು ಶಟರಿನ ಮೈಯನ್ನು, ಆಮೇಲೆ ಮೆಟ್ಟಿಲಿನ ಮುಖವನ್ನು, ಕೊನೆಗೆ ನೆಲದ ಚಪ್ಪಡಿಯನ್ನು ಬೇರೆ ಬೇರೆಯಾಗಿ ಕೂರಿಸಿದೆ. ಮೂರೂ ಬೇರೆ ಬೇರೆ ಸಮತಲ, ಒಟ್ಟಿಗೆ ಎಳೆದರೆ ಯಾವುದೂ ಹೊಂದುವುದಿಲ್ಲ.

ಇಷ್ಟು ಹಟ ಯಾಕೆ? ಗಾಡಿಯನ್ನು ಸುಮ್ನೆ ಅಳಿಸಿ ಬೂದುಬಣ್ಣದ ರಸ್ತೆಯನ್ನು ಶಟರಿನವರೆಗೂ ಎಳೆದುಬಿಟ್ಟರೆ ಮೆಟ್ಟಿಲು ಹೋಗುತ್ತದೆ. ಕಟ್ಟಡದ ಪ್ಲಿಂತ್ ರಸ್ತೆಗಿಂತ ಎರಡಡಿ ಮೇಲಿದೆ ಅನ್ನುವ ಸುಳಿವೇ ಉಳಿಯುವುದಿಲ್ಲ. ರೀಸ್ಟೈಲ್ ಟೂಲು ಆ ಮಸುಕು ಜಾಗಕ್ಕೆ ಇಳಿಜಾರೋ, ಹುಲ್ಲೋ, ಹೊಸ ಕಟ್ಟೆಯೋ ತನಗೆ ತೋಚಿದ್ದು ಹಾಕುತ್ತದೆ. ಮಗನ ಚಿತ್ರದ ಇಟ್ಟಿಗೆ ಕಟ್ಟೆ ಬಂದದ್ದು ಗಾಡಿಯಿಂದ. ಕೆಟ್ಟದಾಗಿ ಅಳಿಸಿದ ಗಾಡಿಯಿಂದಲೂ ಅಂಥದ್ದೇ ಬರುತ್ತದೆ.

ಗಾಡಿಯ ಜೊತೆ ಅದರ ಹೊಟ್ಟೆಯ ಕೆಳಗಿನ ಕಪ್ಪು ನೆರಳು ಹೋಗಬೇಕು. ಅದು ಎಲ್ಲರಿಗೂ ಹೊಳೆಯುತ್ತದೆ. ಹೊಳೆಯದ್ದು ಇನ್ನೊಂದು: ಆಟೊದ ಮುಂದಿನ ಗಾಜು ಬಿಸಿಲನ್ನು ಶಟರಿನ ಮೇಲೆ ಎಸೆದಿತ್ತು. ಓರೆಯಾದ, ಬೆಳ್ಳಗಿನ ಒಂದು ಚೌಕ. ಗಾಡಿ ಹೋಗಿ ಆ ಚೌಕ ಮಾತ್ರ ಉಳಿದರೆ ಅದಕ್ಕೆ ಅರ್ಥವೇ ಇಲ್ಲ, ಆದರೆ ಅಂಚು ಮಾತ್ರ ಚೂಪು. ಶಟರಿನ ಪಟ್ಟಿಗಳು ಅಡ್ಡಡ್ಡ ಒಂದೇ ಥರ ಇರುವುದರಿಂದ ಪಕ್ಕದ ಪಟ್ಟಿಯನ್ನೇ ಅಡ್ಡಕ್ಕೆ ಸರಿಸಿ ಮುಚ್ಚಿದೆ.

ಪರೀಕ್ಷೆ

ಕಣ್ಣಿನ ಮೇಲೆ ಭಾರ ಹಾಕುವುದಕ್ಕಿಂತ, ರೀಸ್ಟೈಲ್ ಟೂಲು ಏನು ನೋಡುತ್ತದೋ ಅದನ್ನೇ ನಾವೂ ನೋಡುವುದು ವಾಸಿ. ಶುಚಿ ಮಾಡಿದ ಚಿತ್ರದ ಅಂಚು ತೆಗೆದು ನೋಡಿದೆ.

```python
import cv2
g = cv2.imread("clean.png", 0)
cv2.imwrite("edges.png", cv2.Canny(g, 100, 200))
```

100, 200 ಅನ್ನುವುದು ಎಷ್ಟು ಎದ್ದು ಕಾಣುವ ಅಂಚನ್ನು ಹಿಡಿಯಬೇಕು ಅನ್ನುವ ಮಿತಿ. ಇಳಿಸಿದರೆ ಮಾಸಿದ ಗೆರೆಗಳೂ ಬರುತ್ತವೆ. ಇಲ್ಲಿ ಮೂರು ಕಡೆ ಬಾಕಿ ಸಿಕ್ಕಿತು. ಕೇಬಲ್ ಕಂತೆ ಹಾದ ಜಾಗದಲ್ಲಿ ಪ್ಯಾರಾಪೆಟ್ಟಿನ ಅಂಚು ಒಂದು ಕಡೆ ಮುರಿದಿತ್ತು. ಹಾಗೇ ಬಿಟ್ಟಿದ್ದರೆ ಅಲ್ಲೊಂದು ಗುಂಡಿ ಬರುತ್ತಿತ್ತು. ಬಾಗಿಲು ಅಂಟಿಸಿದ ಕಡೆ ಗೋಡೆಯಲ್ಲಿ ನಿಂತ ಗೆರೆ, ಎರಡು ಫೋಟೊಗಳ ಬಣ್ಣ ಪೂರ್ತಿ ಹೊಂದಿರಲಿಲ್ಲ. ಮತ್ತೆ, ಆಕಾಶದಲ್ಲಿ ಒಂದು ವೈರಿನ ಬೆಳ್ಳಗಿನ ಅಂಚಿನ ಚೂರು.

ಅಂಚಿನ ನಕ್ಷೆಗೆ ಸಿಗದ ದೋಷವೂ ಇದೆ. ತುಂಬಿದ ಜಾಗ ತೀರಾ ನುಣ್ಣಗಿರುತ್ತದೆ. ಸುತ್ತಲಿನ ಗೋಡೆಗೆ ಕ್ಯಾಮೆರಾದ ಕಾಳು ಕಾಳು ಇರುತ್ತದೆ, ತೇಪೆಗೆ ಇರುವುದಿಲ್ಲ. ಕಾಂಟ್ರಾಸ್ಟ್ ವಿಪರೀತ ಏರಿಸಿ ನೋಡಿದರೆ ತೇಪೆಗಳೆಲ್ಲ ಬೆಣ್ಣೆ ಸವರಿದ ಹಾಗೆ ಕಾಣಿಸುತ್ತವೆ. ಅಲ್ಲಿ ಸ್ವಲ್ಪ ನಾಯ್ಸ್ ಸೇರಿಸಿದೆ. ಇದೆಲ್ಲ ಆದ ಮೇಲೆ ಚಿತ್ರ ಚಿಕ್ಕದು ಮಾಡಿ ರೀಸ್ಟೈಲಿಗೆ ಹಾಕಿದೆ. ಸಜ್ಜ ಸಜ್ಜದ ಜಾಗದಲ್ಲೇ ನೆಟ್ಟಗೆ ನಿಂತಿತು.

ಅಳಿಸಿದ ವೈರು ಎಲ್ಲಿ ಹೋಯಿತು

ಮೇಷ್ಟ್ರಿಗೆ ಒಂದು ಚಿತ್ರ ಬಹಳ ಹಿಡಿಸಿತು. ಜಾಲಿ ತೆಗೆದು ಸಾದಾ ರೇಲಿಂಗ್, ಬಾಲ್ಕನಿ ಸ್ವಲ್ಪ ಮುಂದಕ್ಕೆ. "ಎರಡಡಿ ಮುಂದೆ ತಂದರೆ ಹೀಗೇ ಆಗುತ್ತಲ್ಲಪ್ಪಾ, ಜಾಗ ಬೇಕಾದಷ್ಟಿದೆ" ಅಂದರು.

ಚಿತ್ರದಲ್ಲಿ ಜಾಗ ಇತ್ತು, ನಿಜ. ವೈರು ಅಳಿಸಿದ್ದೇ ನಾನಲ್ಲವೇ. ಅಳಿಸಿದ ಪ್ರತಿಯೊಂದನ್ನೂ ನಾನು ಬೇರೆ ಲೇಯರಿನಲ್ಲಿ ಇಟ್ಟುಕೊಂಡಿರುತ್ತೇನೆ. ಮೂಲ ಫೋಟೊದಿಂದ ವೈರು, ಕಂಬಗಳನ್ನಷ್ಟೇ ಕತ್ತರಿಸಿದ ಲೇಯರ್ ಅದು. ರೀಸ್ಟೈಲ್ ಆದ ಚಿತ್ರದ ಮೇಲೆ ಅದನ್ನು ಮತ್ತೆ ಹಾಕಿ ತೋರಿಸಿದೆ. ಲೈನು ಹೊಸ ಬಾಲ್ಕನಿಯ ಮೂತಿಗೇ ಬಂದಿತ್ತು.

"ಮೇಷ್ಟ್ರೇ, ಇದು ಇರುವುದು ಇಲ್ಲೇ. ನಾನು ಚಿತ್ರದಿಂದ ತೆಗೆದೆ ಅಂತ ಬೀದಿಯಿಂದ ಹೋಗಲಿಲ್ಲ."

ಮನೆಗಳಿಗೆ ಕರೆಂಟ್ ಕೊಡುವ ಈ ಲೈನಿಗೂ ಕಟ್ಟಡಕ್ಕೂ ಪಕ್ಕದಿಂದ 1.2 ಮೀಟರ್ ಅಂತರ ಇರಲೇಬೇಕು ಅನ್ನುತ್ತದೆ ನಿಯಮ. ಲೈನು ಕಟ್ಟಡದ ಮೇಲೇ ಹಾದರೆ ಎತ್ತರದಲ್ಲಿ 2.5 ಮೀಟರ್. ಗಾಳಿಗೆ ತಂತಿ ತೂಗಾಡುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಳೆಯುವುದು ನೆಲದ ಮೇಲೆ: ತಂತಿಯ ನೇರ ಕೆಳಗೆ ಒಂದು ಗುರುತು, ಬಾಲ್ಕನಿಯ ಅಂಚಿನ ನೇರ ಕೆಳಗೆ ಇನ್ನೊಂದು, ನಡುವೆ ಟೇಪು. ಟೇಪನ್ನು ತಂತಿಯ ಹತ್ತಿರ ಒಯ್ಯುವ ಮಾತೇ ಇಲ್ಲ. ನಮಗೆ ಸಿಕ್ಕಿದ್ದು 1.7 ಮೀಟರ್. ಎರಡಡಿ ಅಂದರೆ 0.6. ಉಳಿಯುವುದು 1.1, ಕಮ್ಮಿ ಬೀಳುತ್ತದೆ. ತೂಗಾಟ ಸೇರಿಸಿದರೆ ಇನ್ನೂ ಕಮ್ಮಿ.

ಬಾಲ್ಕನಿ ಇದ್ದಲ್ಲೇ ಇರಲಿ ಅಂತ ತೀರ್ಮಾನ ಆಯಿತು. ಜಾಲಿಯನ್ನೂ ಉಳಿಸಿಕೊಂಡು, ಮೇಲೊಂದು ಕಲ್ಲಿನ ಪಟ್ಟಿ ಹಾಕಿಸುವುದು. ಫ್ಲೆಕ್ಸಿನ ಬದಲಿಗೆ ಟ್ಯೂಷನ್ ಸೆಂಟರಿನವರು ಪಕ್ಕದ ಗೋಡೆಗೆ ಚಿಕ್ಕ ಬೋರ್ಡ್ ಹಾಕಿಕೊಳ್ಳಲು ಒಪ್ಪಿದರು. ಮೇಸ್ತ್ರಿಗೆ ಕೊಟ್ಟ ಕೊನೆಯ ಹಾಳೆಯಲ್ಲಿ ಎರಡು ಚಿತ್ರ ಅಕ್ಕಪಕ್ಕ ಇವೆ, ಒಂದು ವೈರು ಇಲ್ಲದ್ದು, ಇನ್ನೊಂದು ವೈರು ಇರುವುದು. ಸಾರುವೆ ಎಲ್ಲಿ ಕಟ್ಟಬೇಕು ಅಂತ ಅವನು ಎರಡನೆಯದನ್ನೇ ನೋಡಿಕೊಂಡ.